ಮೈಲುತುತ್ತದ ಕರಪತ್ರ ಕಳಿಸಿ ಕೆಲಸ ಹಿಡಿದದ್ದು

"ಬರಹದ ಮಾದರಿ ಕೇಳಿದ್ರೆ ಮಾದರಿ ಕಳಿಸು. ಅದರ ಜೊತೆಗಿನ ಪತ್ರ ಯಾರು ಓದ್ತಾರೆ ಮಾರಾಯ?" ಅಂತ ಭಾವ ನಗುತ್ತಿದ್ದರು. ಬದಿಯಡ್ಕದಲ್ಲಿ ಕೂತು ಬೆಂಗಳೂರಿನ ಬರವಣಿಗೆ ಕೆಲಸಗಳಿಗೆ ನಾನು ಹಾಕಿದ ಅರ್ಜಿ ಹತ್ತಿರಹತ್ತಿರ 40. ಮೊದಲ 30ಕ್ಕೆ ಒಂದು ಫೋನೂ ಬರಲಿಲ್ಲ.

ಆಗ ನಾನು ಬರೆಯುತ್ತಿದ್ದದ್ದು ಒಂದೇ ಸಾಲು: "ಮಾದರಿ ಲಗತ್ತಿಸಿದ್ದೇನೆ, ದಯವಿಟ್ಟು ನೋಡಿ." ಲಗತ್ತಿಸಿದ್ದು ಕಾಲೇಜಿನಲ್ಲಿ ಬಹುಮಾನ ಬಂದ ಏಳು ಪುಟದ ಪ್ರಬಂಧ. ಅದೂ ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ, ವರ್ಡ್ ಫೈಲು. ಒಂದು ದಿನ ಗೆಳೆಯನ ಫೋನಿನಲ್ಲಿ ತೆರೆದು ನೋಡಿದರೆ "ಕನ್ನಡ" ಅನ್ನುವಲ್ಲಿ `PÀ£ÀßqÀ` ಅಂತ ಇತ್ತು. ಅಷ್ಟೂ ತಿಂಗಳು ನಾನು ಕಳಿಸಿದ್ದು ಇದನ್ನೇ! ಅಂದಿನಿಂದ ಯೂನಿಕೋಡ್, ಪಿಡಿಎಫ್, ಕಳಿಸುವ ಮೊದಲು ಬೇರೆಯವರ ಫೋನಿನಲ್ಲಿ ಒಮ್ಮೆ ತೆರೆದು ನೋಡುವುದು.

ದುಡ್ಡು ಹೋದದ್ದೂ ಇದೆ. ಒಂದು ಕಡೆ ಅವರೇ ಕೊಟ್ಟ ವಿಷಯದ ಮೇಲೆ ಹೊಸದಾಗಿ 1,500 ಪದ ಬರೆದು ಮಾದರಿಯಾಗಿ ಕಳಿಸಲು ಹೇಳಿದರು. ಕಳಿಸಿದೆ, ಉತ್ತರ ಇಲ್ಲ. ಎರಡು ತಿಂಗಳ ಮೇಲೆ ಅದೇ ಲೇಖನ ಅವರ ಜಾಲತಾಣದಲ್ಲಿ! ಆಗ ನನ್ನ ರೇಟು ಪದಕ್ಕೆ ಒಂದು ರೂಪಾಯಿ, ಲೆಕ್ಕ ನೀವೇ ಹಾಕಿ. ಈಗ ಹೊಸ ಬರಹ ಕೇಳಿದರೆ 300 ಪದದವರೆಗೆ ಸುಮ್ನೆ ಬರೆದು ಕೊಡುತ್ತೇನೆ, ಅದಕ್ಕಿಂತ ಜಾಸ್ತಿಗೆ ಇಷ್ಟು ಅಂತ ಪತ್ರದಲ್ಲೇ ಹಾಕುತ್ತೇನೆ.

ಕೊನೆಗೂ ಹಿಡಿದದ್ದು ರೋಗಿಗಳಿಗೆ ಕನ್ನಡದಲ್ಲಿ ಮಾಹಿತಿ ಬರೆಯುವ ಕೆಲಸ. ಜಾಹೀರಾತಿನಲ್ಲಿ ಒಂದೇ ಮಾದರಿ ಕೇಳಿದ್ದರು. ಆರೋಗ್ಯದ ಬಗ್ಗೆ ನಾನು ಒಂದಕ್ಷರ ಬರೆದವನಲ್ಲ. ಆದರೆ ಅವರಿಗೆ ಬೇಕಿದ್ದದ್ದು, ಓದಿದವನು ಮನೆಯಲ್ಲಿ ತಪ್ಪಿಲ್ಲದೆ ಮಾಡುವ ಹಾಗೆ ಬರೆಯುವವರು, ಅಲ್ವಾ? ಅಡಿಕೆಗೆ ಕೊಳೆರೋಗದ ಮದ್ದು ಬಿಡುವ ಬಗ್ಗೆ ನಮ್ಮೂರಿನ ಬೆಳೆಗಾರರಿಗೆ ಬರೆದುಕೊಟ್ಟ ಎರಡು ಪುಟದ ಕರಪತ್ರ ಇತ್ತು. ಅದನ್ನೇ ಕಳಿಸಿದೆ. ಭಾವ ತಲೆ ಚಚ್ಚಿಕೊಂಡರು.

ಜಾಹೀರಾತು ಇಂಗ್ಲಿಷಿನಲ್ಲಿದ್ದ ಕಾರಣ ಪತ್ರವೂ ಇಂಗ್ಲಿಷಿನಲ್ಲಿ. ಮೊದಲು ತೆರೆಯುವ ಎಚ್‌ಆರ್‌ನವರಿಗೆ ಕನ್ನಡ ಬರಬೇಕೆಂದಿಲ್ಲ. ಹಾಗಾಗಿ ಮಾದರಿಯಲ್ಲಿ ಏನಿದೆ ಅನ್ನುವುದನ್ನು ಪತ್ರವೇ ಹೇಳಬೇಕು. ಅದರ ನಡುಭಾಗ ಕನ್ನಡದಲ್ಲಿ ಹೇಳಿದರೆ ಹೀಗೆ:

"ಜೊತೆಗಿರುವುದು ಅಡಿಕೆ ಬೆಳೆಗಾರರಿಗೆ ಬರೆದ ಎರಡು ಪುಟದ ಕರಪತ್ರ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರಿನ ಬೋರ್ಡೋ ದ್ರಾವಣವನ್ನು ಮನೆಯಲ್ಲೇ ಮಾಡುವ ಬಗೆ. ಓದುವವರಲ್ಲಿ ಹೆಚ್ಚಿನವರು ಐದನೇ ಕ್ಲಾಸು ಕಲಿತವರು. ಎರಡನೇ ಪುಟದ ಮೊದಲ ಪ್ಯಾರಾ ನೋಡಿ. ದ್ರಾವಣಕ್ಕೆ ಹೊಳೆಯುವ ಚೂರಿ ಅದ್ದಿದಾಗ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದರ್ಥ. ಇದು ಮೊದಲು ಕೊನೆಯಲ್ಲಿತ್ತು. ಓದುವವರು ಅಲ್ಲಿಗೆ ತಲುಪುವ ಮೊದಲೇ ಮದ್ದು ಬಿಡುತ್ತಿದ್ದರು. ಅದಕ್ಕೆ ಮೇಲೆ ತಂದೆ. ಬರಹ ಪೂರ್ತಿ ನನ್ನದು, ಅಳತೆಗಳನ್ನು ಕೃಷಿ ಅಧಿಕಾರಿಯೊಬ್ಬರು ನೋಡಿ ಸರಿ ಎಂದಿದ್ದಾರೆ."

ಕೆಲಸ ಮಾಡಿದ್ದು "ಇಲ್ಲಿ ನೋಡಿ" ಅನ್ನುವ ಆ ಒಂದು ಮಾತು. ಎರಡು ಪುಟ ಪೂರ್ತಿ ಓದುವ ಪುರುಸೊತ್ತು ಅವರಿಗಿಲ್ಲ, ಒಂದು ಪ್ಯಾರಾಕ್ಕೆ ಇದೆ. ನನ್ನದೆಷ್ಟು, ಬೇರೆಯವರದೆಷ್ಟು ಅಂತ ಮೊದಲೇ ಹೇಳಿದ್ದೂ ಒಳ್ಳೆಯದಾಯಿತು. ಅಚ್ಚಾದ ಬರಹ ಕಳಿಸಿದರೆ ಸಂಪಾದಕರು ಎಷ್ಟು ತಿದ್ದಿದ್ದಾರೋ ಅನ್ನುವ ಅನುಮಾನ ಅವರಿಗೆ ಇದ್ದೇ ಇರುತ್ತದೆ. ಪತ್ರ ಒಟ್ಟು 150 ಪದ ಇರಬಹುದು. ಓದಿನ ವಿವರ, ಹಳೇ ಕೆಲಸ ಯಾವುದೂ ಅದರಲ್ಲಿ ಇರಲಿಲ್ಲ, ಅದಕ್ಕೆ ಬಯೋಡಾಟಾ ಇದೆ. ಕೊನೆಯ ಸಾಲು ಏನೆಂದು ಮಾತ್ರ ಇಲ್ಲಿ ಹೇಳುವುದಿಲ್ಲ, ನಾನಿನ್ನೂ ಅದನ್ನು ಬಳಸುತ್ತಿದ್ದೇನೆ.

ನಡುವೆ ಒಂದು ಪ್ರಯೋಗ ಮಾಡಿದ್ದೆ. ನಾವು ಕಾಸರಗೋಡಿನವರಿಗೆ ಮಲಯಾಳವೂ ಬರುತ್ತದಲ್ಲ. ಅನುವಾದದ ಕೆಲಸಕ್ಕೆ ಮೂಲ ಎಡಕ್ಕೆ, ಕನ್ನಡ ಬಲಕ್ಕೆ ಇಟ್ಟು ಎರಡು ಕಾಲಮಿನ ಮಾದರಿ ಮಾಡಿದೆ. ಫೋನಿನಲ್ಲಿ ಅಕ್ಷರ ಇರುವೆಯಷ್ಟು ಸಣ್ಣ. ಪ್ಯಾರಾದ ಕೆಳಗೆ ಪ್ಯಾರಾ ಇಟ್ಟ ಮೇಲೆ ಒಬ್ಬರು ಉತ್ತರ ಬರೆದರು. ಸಂಬಳ ಹೊಂದಲಿಲ್ಲ, ಬಿಟ್ಟೆ.

ಆರೋಗ್ಯದ ಕೆಲಸದವರು ಎಂಟೋ ಒಂಬತ್ತೋ ದಿನದಲ್ಲಿ ಫೋನ್ ಮಾಡಿದರು. ಮೊದಲ ಪ್ರಶ್ನೆಯೇ "ಆ ಚೂರಿಯ ವಿಷಯ ನಿಮಗೆ ಹೇಗೆ ಗೊತ್ತಾಯಿತು?" ತಿಂಗಳಿಗೆ 26,000ದಲ್ಲಿ ಮಾತು ನಿಂತಿತು, ಮನೆಯಿಂದಲೇ ಕೆಲಸ. ಮೊನ್ನೆ ಭಾವನ ಮಗಳು ಎಲ್ಲಿಗೋ ಅರ್ಜಿ ಹಾಕುತ್ತಿದ್ದಳು. ಪತ್ರ ನೋಡಿಕೊಡು ಅಂತ ಭಾವನೇ ಕಳಿಸಿದ್ದಾರೆ.