ಕಿತ್ತಳೆ ರಾಶಿಯ ಲೆಕ್ಕ: ವರ್ಗ, ಘನಗಳ ಮೊತ್ತದ ಸೂತ್ರ ಹುಡುಕುವುದು ಹೇಗೆ?

ಮಡಿಕೇರಿ ಸಂತೆಯಲ್ಲಿ ಕಿತ್ತಳೆಯನ್ನು ಗೋಪುರದ ಹಾಗೆ ಪೇರಿಸಿದ್ದಾರೆ ಅಂದುಕೊಳ್ಳಿ. ತುದಿಯಲ್ಲಿ ಒಂದು, ಅದರ ಕೆಳಗೆ ನಾಲ್ಕು, ಆಮೇಲೆ ಒಂಬತ್ತು, ಹೀಗೆ ಆರು ಪದರ. ಕೂಡಿದರೆ 91 ಹಣ್ಣು. ನೂರು ಪದರವಾದರೆ ಸೂತ್ರ ಬೇಕು, ಅಲ್ವಾ? 499ರಲ್ಲೇ ಆರ್ಯಭಟ ಈ ಸೂತ್ರ ಹೇಳಿದ್ದ, ಅವನೂ ಇದನ್ನು ‘ಚಿತಿ’ ಅಂದರೆ ರಾಶಿ ಎಂದೇ ಕರೆದ.

ಮೊದಲು ಇದನ್ನು ಬರೆದುಕೊಳ್ಳಿ:

(k+1)³ − k³ = 3k² + 3k + 1

k ಜಾಗದಲ್ಲಿ 1, 2, 3 ಅಂತ n ವರೆಗೆ ಹಾಕಿ ಎಲ್ಲ ಸಾಲುಗಳನ್ನೂ ಕೂಡಿ. ಎಡಗಡೆ 2³−1³, 3³−2³, 4³−3³ ಅಂತ ಬರುತ್ತದೆ, ಒಂದು ಸಾಲಿನಲ್ಲಿ ಕೂಡಿದ 2³ ಮುಂದಿನ ಸಾಲಿನಲ್ಲಿ ಕಳೆದು ಹೋಗುತ್ತದೆ, ಹೀಗೆ ನಡುವಿನದ್ದೆಲ್ಲ ಹೋಗಿ ಎರಡು ತುದಿ ಮಾತ್ರ ಉಳಿಯುತ್ತವೆ. ವರ್ಗಗಳ ಮೊತ್ತ S ಆಗಿರಲಿ, 1+2+…+n ಮೊತ್ತ n(n+1)/2 ಎಂಬುದು ಗೊತ್ತೇ ಇದೆ:

(n+1)³ − 1 = 3S + 3n(n+1)/2 + n

ಜಾಸ್ತಿ ಜನ ಎಡವುವುದು ಕೊನೆಯ n ಹತ್ತಿರ. ಪ್ರತಿ ಸಾಲಿನಲ್ಲೂ ಒಂದೊಂದು 1 ಇದೆ, n ಸಾಲಿಗೆ ಅದು n ಆಗುತ್ತದೆ, ಸುಮ್ನೆ 1 ಅಲ್ಲ. ತಪ್ಪಿದ್ದರೆ n=2 ಹಾಕಿದಾಗ ಗೊತ್ತಾಗುತ್ತದೆ: 26−9−1 = 16, ಮೂರರಿಂದ ಭಾಗವೇ ಆಗುವುದಿಲ್ಲ. ಸರಿಯಾಗಿ ಮಾಡಿದರೆ 26−9−2 = 15, S = 5, ಅಂದರೆ 1+4. ಈಗ n+1 ಅನ್ನು ಹೊರಗೆ ತೆಗೆದು ಸರಿಪಡಿಸಿ:

S = n(n+1)(2n+1)/6

n=6 ಆದರೆ 6×7×13/6, ನಮ್ಮ 91 ಬಂತು.

ಘನಗಳಿಗೆ ಇದೇ ದಾರಿಯಲ್ಲಿ ನಾಲ್ಕನೇ ಘಾತ ಹಿಡಿದು ಹೋಗಬಹುದು, ಆದರೆ ನನಗೆ ಇದಕ್ಕಿಂತ ಇಷ್ಟವಾದದ್ದು ಒಂದಿದೆ:

k²(k+1)² − (k−1)²k² = 4k³

ಬಲಗಡೆ ಘನ ಬಿಟ್ಟು ಬೇರೇನೂ ಇಲ್ಲ! ಕೂಡಿದರೆ ಎಡಗಡೆ n²(n+1)² ಮಾತ್ರ ಉಳಿಯುತ್ತದೆ. ಹಾಗಾಗಿ ಘನಗಳ ಮೊತ್ತ n²(n+1)²/4. ಇದು 1+2+…+n ಮೊತ್ತದ ವರ್ಗವೇ. ಆರಕ್ಕೆ 21×21 = 441.

ಇನ್ನು ಇಂಡಕ್ಷನ್. ಅದು ಸೂತ್ರ ಹುಡುಕಿಕೊಡುವುದಿಲ್ಲ, ಕೈಯಲ್ಲಿರುವ ಸೂತ್ರ ನಿಜವೇ ಎಂದು ಸಾಧಿಸುತ್ತದೆ. n=1ಕ್ಕೆ ನೋಡಿ: 1×2×3/6 = 1, ಸರಿ. n ವರೆಗೆ ನಿಜ ಅಂದುಕೊಂಡು ಕೆಳಗೆ ಇನ್ನೊಂದು ಪದರ, (n+1)² ಹಣ್ಣು, ಸೇರಿಸಿ:

n(n+1)(2n+1)/6 + (n+1)² = (n+1)(2n²+7n+6)/6 = (n+1)(n+2)(2n+3)/6

ಇದು ಅದೇ ಸೂತ್ರ, n ಇದ್ದಲ್ಲಿ n+1 ಬಂದಿದೆ ಅಷ್ಟೇ. ಘನಕ್ಕೂ ಹೀಗೆಯೇ (n+1)³ ಸೇರಿಸಿ ನೋಡಿ.

n=1ರ ಪರೀಕ್ಷೆಯನ್ನು ಮಾತ್ರ ಬಿಡಬೇಡಿ. ಸೂತ್ರಕ್ಕೆ ಬೇಕೆಂದೇ 5 ಕೂಡಿಸಿ ಎರಡನೇ ಹಂತ ಮಾಡಿ ನೋಡಿ, ಎರಡೂ ಕಡೆ 5 ಇರುವುದರಿಂದ ಅದು ಸಲೀಸಾಗಿ ದಾಟಿಬಿಡುತ್ತದೆ. ಸಿಕ್ಕಿಬೀಳುವುದು n=1ರಲ್ಲಿ, ಒಂದೇ ಹಣ್ಣಿರುವ ಕಡೆ ಆರು ಅಂದಾಗ.