ಹುಳ ಹಿಡಿದ ಸರಕು ಬಂದರೆ ಸಗಟು ವ್ಯಾಪಾರಿಗೆ ಪತ್ರ ಬರೆಯುವ ಬಗೆ

ಮುಂಬೈಯ ನಮ್ಮ ಕಿರಾಣಿ ಅಂಗಡಿಯವರ ಗಮನಕ್ಕೆ: ವಾಶಿ ಮಾರುಕಟ್ಟೆಯಿಂದ ತರಿಸಿದ ತೊಗರಿಬೇಳೆಯಲ್ಲಿ ಹುಳ ಅಥವಾ ಮುಗ್ಗಲು ವಾಸನೆ ಕಂಡರೆ ಒಂದು ಚೀಲವನ್ನೂ ಮಾರಬೇಡಿ, ಏಕೆಂದರೆ 1930ರ ಸರಕು ಮಾರಾಟ ಕಾಯ್ದೆಯಂತೆ, ಸರಕನ್ನು ಮಾರಿದರೆ ಅಥವಾ ತಕರಾರು ತಿಳಿಸದೆ ಬಹುಕಾಲ ಇಟ್ಟುಕೊಂಡರೆ ಅದನ್ನು ಒಪ್ಪಿಕೊಂಡಂತೆಯೇ ಆಗುತ್ತದೆ.

ಫೋನಿನಲ್ಲಿ ಹೇಳಿದರೆ ಸಾಲದು, ಅಂದೇ ಬರೆಯಿರಿ. "ಹುಳದ ಸರಕು ಬಂದಿದೆ" ಎಂಬ ದೂರಿಗಿಂತ ಈ ಒಕ್ಕಣೆ ಹೆಚ್ಚು ಗಟ್ಟಿಯಾದುದು:

"ಮಾನ್ಯರೇ, ಇಂದು ಈ ಬಿಲ್ಲಿನ ಮೇಲೆ ಬಂದ 10 ಚೀಲ ತೊಗರಿಬೇಳೆಯನ್ನು ಬಿಚ್ಚಿ ನೋಡಲಾಗಿ, ಹೊಲಿಗೆಯ ಒಳಬದಿಯಲ್ಲಿ ಜೀವಂತ ಹುಳಗಳೂ ತಳದಲ್ಲಿ ಪುಡಿಯೂ ಕಂಡುಬಂದ ಕಾರಣ, ಇಡೀ ಸರಕನ್ನು ತಿರಸ್ಕರಿಸಿದ್ದೇವೆ. ಪಾವತಿಸಿದ ರೂ. 30,000 ಹಾಗೂ ಟೆಂಪೋ ಬಾಡಿಗೆ ರೂ. 1,200ನ್ನು 7 ದಿನಗಳೊಳಗೆ ಮರಳಿಸಿ, ಸರಕನ್ನು ನಮ್ಮ ಅಂಗಡಿಯಿಂದ ಒಯ್ಯತಕ್ಕದ್ದು."

ಕೊನೆಯ ಮಾತನ್ನು ಬಿಡಬೇಡಿ. ಬೇರೆ ಒಪ್ಪಂದವಿಲ್ಲದಿದ್ದರೆ, ನ್ಯಾಯವಾಗಿ ತಿರಸ್ಕರಿಸಿದ ಸರಕನ್ನು ಹಿಂದಕ್ಕೆ ಕಳುಹಿಸುವ ಹೊಣೆ ಕೊಂಡವರದಲ್ಲವೆಂದು ಅದೇ ಕಾಯ್ದೆಯ 43ನೇ ಕಲಮು ಹೇಳುತ್ತದೆ. ಬಿಲ್ಲಿನ ಹಿಂಬದಿಯ ಷರತ್ತುಗಳನ್ನು ಮೊದಲು ಓದಿಕೊಳ್ಳಿ. ಚೀಲದ ಚೀಟಿ ಕಾಣುವಂತೆ ಫೋಟೋ ತೆಗೆದು, ಪತ್ರವನ್ನು ವಾಟ್ಸಾಪ್ ಜೊತೆಗೆ ಸ್ಪೀಡ್ ಪೋಸ್ಟಿನಲ್ಲಿಯೂ ಕಳುಹಿಸಿ, ರಸೀದಿಯನ್ನು ಬಿಲ್ಲಿಗೆ ಲಗತ್ತಿಸಿಡಿ.