ಮೂರು ನಿಮಿಷದ ವಂದನಾರ್ಪಣೆಗೆ ನನ್ನ ಟಿಪ್ಪಣಿ

ಕಾಲೇಜು ವಾರ್ಷಿಕೋತ್ಸವದಲ್ಲಿ ವಂದನಾರ್ಪಣೆಯ ಸರದಿ ಬರುವ ಹೊತ್ತಿಗೆ ಭಾಷಣಗಳೆಲ್ಲ ಮುಗಿದಿರುತ್ತವೆ, ನೃತ್ಯದ ಹುಡುಗರು ಮೇಕಪ್ ಹಾಕಿಕೊಂಡು ಪರದೆಯ ಹಿಂದೆ ಕಾಯುತ್ತಿರುತ್ತಾರೆ. ಹಾಗಾಗಿ ನಾನು ಮೂರು ನಿಮಿಷ ದಾಟುವುದಿಲ್ಲ. ಅಂಗೈಯಗಲದ ಒಂದು ಕಾರ್ಡ್ ಇಟ್ಟುಕೊಳ್ಳುತ್ತೇನೆ. ಅದರಲ್ಲಿ ಹಿಡಿಯದ್ದನ್ನು ಹೇಳುವುದಿಲ್ಲ.

ಮೊದಲು ಅತಿಥಿಗಳು. ಹೆಸರು, ಹುದ್ದೆ, ಕ್ರಮ ಮೂರೂ ಆಮಂತ್ರಣ ಪತ್ರಿಕೆಯಲ್ಲಿದ್ದಂತೆಯೇ. ಕಾರ್ಯಕ್ರಮ ಶುರುವಾದ ಮೇಲೆ ವೇದಿಕೆ ನೋಡಿ, ಬಾರದವರ ಹೆಸರು ಹೊಡೆದುಹಾಕುತ್ತೇನೆ. ಸ್ವಾಗತ ಭಾಷಣದಲ್ಲಿ ಅತಿಥಿಗಳ ಪರಿಚಯ ಆಗಿಹೋಗಿರುತ್ತದೆ, ಮತ್ತೆ ಬೇಡ. ಮುಖ್ಯ ಅತಿಥಿಯ ಹೆಸರಿನ ಕೆಳಗೆ ಮಾತ್ರ ಎರಡು ಸಾಲು ಖಾಲಿ ಬಿಟ್ಟು, ಅವರು ಮಾತಾಡುವಾಗ ಅದನ್ನು ತುಂಬಿಸಿಕೊಳ್ಳುತ್ತೇನೆ. ಒಮ್ಮೆ ಅತಿಥಿಯೊಬ್ಬರು, ಲ್ಯಾಬಿನಲ್ಲಿ ತಪ್ಪು ರೀಡಿಂಗ್ ಬಂದರೂ ಅದನ್ನೇ ಬರೆಯಿರಿ ಅಂದಿದ್ದರು. ನಾನು ಹೇಳಿದ್ದು ಇಷ್ಟು: "ಸರ್, ಇನ್ನು ಮೇಲೆ ನಮ್ಮ ರೆಕಾರ್ಡ್ ಬುಕ್ಕುಗಳು ಸ್ವಲ್ಪ ಪ್ರಾಮಾಣಿಕವಾಗಿರುತ್ತವೆ. ತಮಗೆ ಧನ್ಯವಾದಗಳು." ಸಭೆ ನಕ್ಕಿತು, ಅವರೂ ನಕ್ಕರು. "ತಮ್ಮ ಅಮೂಲ್ಯ ಸಮಯ" ಎನ್ನುವ ಸವಕಲು ಮಾತಿಗೆ ಯಾರೂ ತಲೆ ಎತ್ತುವುದಿಲ್ಲ.

ಅತಿಥಿಗಳ ಬೆನ್ನಿಗೇ ಪ್ರಾಯೋಜಕರು. ಅವರನ್ನು ಕೊನೆಗೆ ತಳ್ಳಿದರೆ ಅಷ್ಟರಲ್ಲಿ ಎದ್ದು ಹೋಗಿರುವುದೂ ಉಂಟು. ಸಂಸ್ಥೆಯ ಹೆಸರು ಬ್ಯಾನರಿನಲ್ಲಿ ಇದ್ದ ಹಾಗೆಯೇ ಓದುತ್ತೇನೆ. ಕೊಟ್ಟದ್ದು ಏನೆಂದು ಹೇಳುತ್ತೇನೆ, ಎಷ್ಟೆಂದು ಹೇಳುವುದಿಲ್ಲ: "ಬಹುಮಾನಗಳನ್ನು ಕೊಟ್ಟವರು", "ಧ್ವನಿವರ್ಧಕ ಒದಗಿಸಿದವರು". ಅವರ ಸರಕಿನ ಗುಣಗಾನ ಶುರು ಮಾಡಿದರೆ ಅದು ಜಾಹೀರಾತು. ಹೆಸರು ಹೇಳುವುದು ಬೇಡ ಎನ್ನುವ ದಾನಿಗಳೂ ಇರುತ್ತಾರೆ, ಅದನ್ನು ಹಿಂದಿನ ದಿನವೇ ಕೇಳಿಟ್ಟುಕೊಳ್ಳುತ್ತೇನೆ.

ಸಂಘಟಕರ ಭಾಗವೇ ಕಷ್ಟದ್ದು. ಸಮಿತಿಯ ಹೆಸರುಗಳನ್ನೆಲ್ಲ ಓದುತ್ತಾ ಹೋದರೆ ಸಭೆ ಆಕಳಿಸುತ್ತದೆ, ಬಿಟ್ಟುಹೋದ ಒಬ್ಬರು ವರ್ಷವಿಡೀ ಮುನಿಸಿಕೊಂಡಿರುತ್ತಾರೆ. ಪ್ರಾಂಶುಪಾಲರು, ಸಂಚಾಲಕರು, ವಿದ್ಯಾರ್ಥಿ ಸಂಘದ ಅಧ್ಯಕ್ಷರು, ಈ ಮೂವರನ್ನು ಮಾತ್ರ ಹೆಸರಿಸುತ್ತೇನೆ. ಉಳಿದವರಿಗೆ ಅವರ ಕೆಲಸವೇ ಗುರುತು: "ನಿನ್ನೆ ರಾತ್ರಿ ಕುರ್ಚಿ ಜೋಡಿಸಿದವರು, ನಾಳೆ ಬೆಳಿಗ್ಗೆ ಅವನ್ನು ಎತ್ತಿಡುವವರು." ಕಚೇರಿ ಸಿಬ್ಬಂದಿ, ಸ್ವಚ್ಛತೆಯವರು, ಲೈಟಿನವರು ಇದೇ ಸಾಲಿಗೆ ಬರುತ್ತಾರೆ. ಸಭೆ ಕೈ ಎತ್ತಿ ಕೂಗುವುದು ಹೆಚ್ಚಾಗಿ ಇಲ್ಲೇ.

ಸಮಯ ತಿನ್ನುವುದು ಮಾತಿಗಿಂತ ಹೆಚ್ಚಾಗಿ ಚಪ್ಪಾಳೆ. ಪ್ರತಿ ಹೆಸರಿಗೂ "ಧನ್ಯವಾದಗಳು" ಎಂದು ನಿಲ್ಲಿಸಿದರೆ ಪ್ರತಿ ಸಲವೂ ತಟ್ಟುತ್ತಾರೆ. ಅದಕ್ಕೆ ಒಂದು ಗುಂಪಿನ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಿ, ಧನ್ಯವಾದವನ್ನು ಕೊನೆಗೆ ಒಮ್ಮೆ ಇಡುತ್ತೇನೆ. ನನ್ನ ಕೊನೆಯ ವಾಕ್ಯ ಯಾವುದೆಂದು ನಿರೂಪಕಿಗೆ ಮೊದಲೇ ಹೇಳಿಟ್ಟಿರುತ್ತೇನೆ, ಅದು ಕಿವಿಗೆ ಬಿದ್ದ ಕೂಡಲೇ ಆಕೆ ಮೈಕ್ ತೆಗೆದುಕೊಳ್ಳುತ್ತಾಳೆ.